ಕರೆಂಟು ಬಂತೆಂದರೆ ಬಂದದ್ದು ಯಾವುದು?

ಆಟಿಯ ಮಳೆ ಹಿಡಿದ ಸಂಜೆ ಮಂಗಳೂರಿನ ಮನೆಮನೆಗಳಲ್ಲಿ ಕೇಳಿಬರುವ ಎರಡು ಮಾತುಗಳಿವೆ: ‘ಕರೆಂಟು ಹೋಯಿತು’, ‘ಕರೆಂಟು ಬಂತು’. ವ್ಯಾಕರಣದ ದೃಷ್ಟಿಯಿಂದ ಇವೆರಡೂ ನಿರ್ದುಷ್ಟವಾದ ವಾಕ್ಯಗಳು. ಕರ್ತೃಪದವಿದೆ, ಕ್ರಿಯಾಪದವಿದೆ. ಆದರೆ ಪದಾರ್ಥದ ದೃಷ್ಟಿಯಿಂದ ವಿಚಾರಿಸಿದರೆ ಒಂದು ಸಂಶಯ ತಲೆದೋರುತ್ತದೆ. ಬಂದದ್ದು ನಿಜವಾಗಿ ಯಾವುದು? ಶರಾವತಿಯ ಕಣಿವೆಯಿಂದಲೋ ವಾರಾಹಿಯ ನೆಲದಡಿಯ ವಿದ್ಯುದಾಗಾರದಿಂದಲೋ ಯಾವುದಾದರೊಂದು ವಸ್ತು ತಂತಿಯೊಳಗೆ ಓಡಿಬಂದು ಮನೆಯ ದೀಪವನ್ನು ಹೊಕ್ಕಿತೇ? ಹಾಗೆ ಬಂದಿದ್ದರೆ ಸ್ವಿಚ್ಚನ್ನು ಒತ್ತಿದ ಕ್ಷಣಕ್ಕೇ ಅದು ತಲುಪಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಲೋಹವೆಂಬ ವಸ್ತುವಿನ ಅಂತರಂಗವೇ ತೆರೆದುಕೊಳ್ಳುತ್ತದೆ.

ಈ ವಿಚಾರಕ್ಕೆ ಕನ್ನಡನಾಡಿನಲ್ಲಿಯೇ ಒಂದು ಪ್ರಸಿದ್ಧ ದೃಷ್ಟಾಂತವುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, 1902ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಕಾರ್ಯಾರಂಭ ಮಾಡಿದ ಶಿವನಸಮುದ್ರದ ವಿದ್ಯುದಾಗಾರವೇ ಅದು. ಕಾವೇರಿಯ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ತು ಅಲ್ಲಿಂದ ಸುಮಾರು 92 ಮೈಲಿ, ಅರ್ಥಾತ್ 148 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಾಮ್ರದ ತಂತಿಗಳ ಮೂಲಕ ಹೋಗುತ್ತಿತ್ತು. ಅಷ್ಟು ದೂರದ ವಿದ್ಯುತ್ ಸಾಗಣೆ ಆ ಕಾಲಕ್ಕೆ ಜಗತ್ತಿನಲ್ಲಿಯೇ ಅಪೂರ್ವವಾಗಿತ್ತು. ಕೋಲಾರದ ಆ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಆದರೆ ಆ ತಂತಿ ಎತ್ತುವ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಶಿವನಸಮುದ್ರದಿಂದ ಹೊರಟ ವಿದ್ಯುತ್ಕಣವೊಂದು ಕೋಲಾರವನ್ನು ಎಂದು ತಲುಪಿತು?

ಲೋಹದ ಒಳಗೆ

1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಅವರು ಎಲೆಕ್ಟ್ರಾನ್ ಎಂಬ ಋಣ ವಿದ್ಯುದಂಶವುಳ್ಳ ಸೂಕ್ಷ್ಮಕಣವನ್ನು ಕಂಡುಹಿಡಿದರು. ಮೂರೇ ವರ್ಷಗಳಲ್ಲಿ, 1900ರಲ್ಲಿ, ಜರ್ಮನಿಯ ಪೌಲ್ ಡ್ರೂಡೆ ಎಂಬ ವಿಜ್ಞಾನಿ ಲೋಹಗಳಿಗೆ ಸಂಬಂಧಿಸಿದಂತೆ ಒಂದು ಚಿತ್ರವನ್ನು ಮುಂದಿಟ್ಟರು. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ, ನೇಯ್ದ ಜಾಲದಂತೆ ನೆಲೆನಿಂತಿರುತ್ತವೆ. ಪ್ರತಿ ಪರಮಾಣುವೂ ತನ್ನ ಹೊರ ಅಂಚಿನ ಒಂದೋ ಎರಡೋ ಎಲೆಕ್ಟ್ರಾನುಗಳ ಮೇಲಣ ಹಿಡಿತವನ್ನು ಬಿಟ್ಟುಕೊಟ್ಟಿರುತ್ತದೆ. ಹಾಗೆ ಬಿಡುಗಡೆಗೊಂಡ ಎಲೆಕ್ಟ್ರಾನುಗಳು ಯಾವುದೊಂದು ಪರಮಾಣುವಿಗೂ ಸೇರದೆ ಇಡೀ ಲೋಹದ ಸಮಾನ ಸ್ವತ್ತಾಗಿ, ಪಾತ್ರೆಯೊಳಗಿನ ಗಾಳಿಯಂತೆ, ಎಲ್ಲೆಡೆಯೂ ಸಂಚರಿಸುತ್ತವೆ. ಇವೇ ಮುಕ್ತ ಎಲೆಕ್ಟ್ರಾನುಗಳು. ಕಟ್ಟಿಗೆ, ಗಾಜು, ಪಿಂಗಾಣಿಗಳಲ್ಲಿ ಇಂಥ ಮುಕ್ತಕಣಗಳು ಇಲ್ಲದಿರುವುದರಿಂದಲೇ ಅವು ವಿದ್ಯುತ್ತನ್ನು ಒಯ್ಯಲಾರವು.

ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನುಗಳೇ ಎಂಬುದಕ್ಕೆ ಪ್ರಮಾಣವೇನು ಎಂದು ಕೇಳಬಹುದು. 1916ರಲ್ಲಿ ಅಮೆರಿಕದ ಟಾಲ್ಮನ್ ಮತ್ತು ಸ್ಟೀವರ್ಟ್ ಎಂಬಿಬ್ಬರು ತಂತಿಯ ಸುರುಳಿಯೊಂದನ್ನು ವೇಗವಾಗಿ ತಿರುಗಿಸಿ ಥಟ್ಟನೆ ನಿಲ್ಲಿಸಿದರು. ಓಡುತ್ತಿದ್ದ ಬಸ್ಸು ನಿಂತಾಗ ಒಳಗಿನ ಪ್ರಯಾಣಿಕರು ಮುಂದಕ್ಕೆ ಜರುಗುವಂತೆ, ಸುರುಳಿ ನಿಂತರೂ ಅದರೊಳಗಿನ ಮುಕ್ತಕಣಗಳು ಕ್ಷಣಕಾಲ ಮುಂದಕ್ಕೆ ಜರುಗಿದುವು. ಬ್ಯಾಟರಿಯ ಸಹಾಯವಿಲ್ಲದೆಯೇ ತಂತಿಯಲ್ಲಿ ಒಂದು ಅಲ್ಪಕಾಲದ ಪ್ರವಾಹ ಹುಟ್ಟಿತು. ಅದರ ದಿಕ್ಕಿನಿಂದ ಆ ಕಣಗಳ ವಿದ್ಯುದಂಶ ಋಣವೆಂದೂ, ಅದರ ಪ್ರಮಾಣದಿಂದ ಅವು ಎಲೆಕ್ಟ್ರಾನುಗಳೇ ಎಂದೂ ನಿಶ್ಚಯವಾಯಿತು.

ಇನ್ನು ಈ ಮುಕ್ತಕಣಗಳ ಸಂಖ್ಯೆಯನ್ನು ಎಣಿಸಬೇಕು. ಇದಕ್ಕೆ ಬೇಕಾದದ್ದು ಶಾಲೆಯ ಲೆಕ್ಕವಷ್ಟೇ. ತಾಮ್ರದ ಪರಮಾಣು ತೂಕ 63.5. ಆದುದರಿಂದ 63.5 ಗ್ರಾಂ ತಾಮ್ರದಲ್ಲಿ 6.02×10²³ ಪರಮಾಣುಗಳಿರುತ್ತವೆ. ಒಂದು ಘನ ಸೆಂಟಿಮೀಟರು ತಾಮ್ರದ ತೂಕ 8.96 ಗ್ರಾಂ. ಭಾಗಿಸಿ ಗುಣಿಸಿದರೆ ಒಂದು ಘನ ಮಿಲಿಮೀಟರಿನಲ್ಲಿ, ಅಂದರೆ ದಪ್ಪ ಸಾಸಿವೆ ಕಾಳಿನಷ್ಟು ತಾಮ್ರದಲ್ಲಿ, 8.5×10¹⁹ ಪರಮಾಣುಗಳಿವೆಯೆಂದು ತಿಳಿಯುತ್ತದೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಎಂಟೂವರೆ ಲಕ್ಷ ಕೋಟಿ ಕೋಟಿ. ತಾಮ್ರದಲ್ಲಿ ಪರಮಾಣುವಿಗೊಂದರಂತೆ ಎಲೆಕ್ಟ್ರಾನು ಮುಕ್ತವಾಗಿರುವುದರಿಂದ ಮುಕ್ತ ಎಲೆಕ್ಟ್ರಾನುಗಳ ಸಂಖ್ಯೆಯೂ ಅಷ್ಟೇ. ಒಂದು ಎಲೆಕ್ಟ್ರಾನಿನ ವಿದ್ಯುದಂಶ 1.6×10⁻¹⁹ ಕೂಲಂ. ಹೀಗಾಗಿ ಆ ಸಾಸಿವೆಯಷ್ಟು ತಾಮ್ರದಲ್ಲಿ ಚಲಿಸಲು ಸಿದ್ಧವಾಗಿ ನಿಂತಿರುವ ವಿದ್ಯುದಂಶ ಒಟ್ಟು 13.6 ಕೂಲಂ. ವಾಚಕರು ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಮುಂದಿನದೆಲ್ಲ ಇದರಿಂದಲೇ ಸಿದ್ಧಿಸುತ್ತದೆ.

ಬಸವನಹುಳುವಿಗೂ ಮಂದವಾದ ನಡಿಗೆ

ಮಂಗಳೂರಿನ ಒಂದು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿದ್ದಾರೆಂದು ಭಾವಿಸೋಣ. ಅದು ಎಳೆಯುವ ಪ್ರವಾಹ 3 ಆಂಪಿಯರ್. ಗೋಡೆಯೊಳಗಿನ ತಾಮ್ರದ ತಂತಿಯ ಅಡ್ಡಕೊಯ್ತ 1.5 ಚದರ ಮಿಲಿಮೀಟರು. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ತಂತಿಯ ಅಳತೆಯಿದು. 3 ಆಂಪಿಯರ್ ಎಂದರೆ ತಂತಿಯ ಯಾವುದೇ ಒಂದು ಸ್ಥಳವನ್ನು ಸೆಕೆಂಡಿಗೆ 3 ಕೂಲಂ ವಿದ್ಯುದಂಶ ದಾಟಬೇಕು ಎಂದರ್ಥ. ಈಗ ಈ ತಂತಿಯ ಒಂದು ಮಿಲಿಮೀಟರು ಉದ್ದದ ತುಂಡಿನಲ್ಲಿ ಎಷ್ಟು ಮುಕ್ತ ವಿದ್ಯುದಂಶವಿದೆ? ಅದರ ಗಾತ್ರ 1.5 ಘನ ಮಿಲಿಮೀಟರು, ಆದುದರಿಂದ 1.5ನ್ನು 13.6ರಿಂದ ಗುಣಿಸಿದಾಗ 20.4 ಕೂಲಂ. ಸೆಕೆಂಡಿಗೆ 3 ಕೂಲಂ ದಾಟಲು 20.4 ಕೂಲಂ ತುಂಬಿದ ಆ ತುಂಡು ಪೂರ್ತಿಯಾಗಿ ಸರಿಯಬೇಕಾಗಿಲ್ಲ. ಅದರ ಏಳನೆಯ ಒಂದು ಭಾಗ ಸರಿದರೆ ಸಾಕು. ಅರ್ಥಾತ್ ಎಲೆಕ್ಟ್ರಾನುಗಳ ಸಮೂಹ ಸೆಕೆಂಡಿಗೆ 0.15 ಮಿಲಿಮೀಟರಿನಷ್ಟು ಮಾತ್ರ ಮುಂದೆ ಸರಿಯುತ್ತದೆ.

ಇದನ್ನು ಭೌತವಿಜ್ಞಾನದಲ್ಲಿ ಡ್ರಿಫ್ಟ್ ವೇಗವೆನ್ನುವರು. ಕನ್ನಡದಲ್ಲಿ ಸರಿತದ ವೇಗವೆನ್ನಬಹುದು. ಗಂಟೆಗೆ ಇದು ಅರ್ಧ ಮೀಟರಿನ ಆಸುಪಾಸು. ತೋಟದ ಬಸವನಹುಳುವಾದರೂ ಇದಕ್ಕಿಂತ ಬೇಗ ಹೋದೀತು. ಸ್ವಿಚ್ಚಿನಿಂದ ಪೆಟ್ಟಿಗೆಯವರೆಗೆ ಹತ್ತು ಮೀಟರು ತಂತಿಯಿದ್ದು, ಪ್ರವಾಹ ಒಂದೇ ದಿಕ್ಕಿನದಾಗಿದ್ದರೆ, ಸ್ವಿಚ್ಚಿನ ಬಳಿಯ ಎಲೆಕ್ಟ್ರಾನು ಪೆಟ್ಟಿಗೆಯನ್ನು ತಲುಪಲು ಸುಮಾರು 19 ಗಂಟೆ ಬೇಕಾಗುತ್ತದೆ.

ಕೋಲಾರದ ತಂತಿಗೆ ಇದೇ ಲೆಕ್ಕವನ್ನು ಹಚ್ಚಿ ನೋಡಬಹುದು. ಆ ತಂತಿಯ ಪ್ರತಿ ಚದರ ಮಿಲಿಮೀಟರಿನಲ್ಲಿ ಒಂದು ಆಂಪಿಯರ್ ಹರಿಯುತ್ತಿತ್ತೆಂದೂ, ಅದು ಒಂದೇ ದಿಕ್ಕಿನ ಪ್ರವಾಹವಾಗಿತ್ತೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಸರಿತದ ವೇಗ ಸೆಕೆಂಡಿಗೆ 0.0735 ಮಿಲಿಮೀಟರು; ದಿನಕ್ಕೆ ಆರು ಮೀಟರು ಚಿಲ್ಲರೆ. 148 ಕಿಲೋಮೀಟರನ್ನು ಈ ನಡಿಗೆಯಲ್ಲಿ ಕ್ರಮಿಸಲು ಸುಮಾರು 64 ವರ್ಷ ಬೇಕು. 1902ರಲ್ಲಿ ಶಿವನಸಮುದ್ರವನ್ನು ಬಿಟ್ಟ ಎಲೆಕ್ಟ್ರಾನು ಕೋಲಾರದ ಗಣಿಯ ಬಾಗಿಲನ್ನು 1966ರಲ್ಲಿ ತಟ್ಟುತ್ತಿತ್ತು! ಆದರೆ ಗಣಿಯ ಯಂತ್ರಗಳು 1902ರಲ್ಲಿಯೇ ತಿರುಗಿದುವು. ಆದುದರಿಂದ ಅಲ್ಲಿಗೆ ತಲುಪಿದ್ದು ಎಲೆಕ್ಟ್ರಾನಲ್ಲ, ಬೇರೆಯದೇ ಏನೋ ಒಂದು.

ತುಂಬಿದ ಕೊಳವೆ

ಆ ‘ಬೇರೆಯದು’ ಯಾವುದೆಂಬುದನ್ನು ಮಂಗಳೂರಿಗರಿಗೆ ತುಂಬೆಯ ನೀರಿನ ಕೊಳವೆ ಚೆನ್ನಾಗಿ ತಿಳಿಸಿಕೊಡುತ್ತದೆ. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ನಗರಕ್ಕೆ ನೀರು ಬರುತ್ತದೆ. ಕೊಳವೆ ಬರಿದಾಗಿದ್ದರೆ ನೀರು ನಗರಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಆದರೆ ಕೊಳವೆ ತುಂಬಿದ್ದರೆ ಮನೆಯ ನಲ್ಲಿಯನ್ನು ತಿರುಗಿಸಿದೊಡನೆ ನೀರು ಸುರಿಯುತ್ತದೆ. ಸುರಿಯುವುದು ಆಗತಾನೆ ತುಂಬೆಯಿಂದ ಹೊರಟ ನೀರಲ್ಲ, ನಲ್ಲಿಯ ಬಾಯಿಯಲ್ಲಿ ಮೊದಲೇ ನಿಂತಿದ್ದ ನೀರು. ಕೊಳವೆಯ ಉದ್ದಕ್ಕೂ ಓಡಿದ್ದು ನೀರಲ್ಲ, ಒತ್ತಡದ ಸುದ್ದಿ. ಆ ಸುದ್ದಿ ನೀರಿನಲ್ಲಿ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುತ್ತದೆ. ನೀರಿನ ನಡಿಗೆಯಾದರೋ ಸೆಕೆಂಡಿಗೆ ಒಂದೆರಡು ಮೀಟರು.

ತಾಮ್ರದ ತಂತಿಯೂ ಸದಾ ತುಂಬಿದ ಕೊಳವೆಯೇ. ಅದರ ಪ್ರತಿ ಮಿಲಿಮೀಟರಿನಲ್ಲಿಯೂ ಎಲೆಕ್ಟ್ರಾನುಗಳು ಸಿದ್ಧವಾಗಿವೆ. ಸ್ವಿಚ್ಚನ್ನು ಹಾಕಿದಾಗ ತಂತಿಯ ಮೇಲ್ಮೈಯಲ್ಲಿ ಅಲ್ಲಲ್ಲಿ ವಿದ್ಯುದಂಶದ ಅತ್ಯಲ್ಪವಾದ ಹೆಚ್ಚುಕಡಿಮೆಗಳು ಏರ್ಪಡುತ್ತವೆ. ಅವುಗಳ ದೆಸೆಯಿಂದ ತಂತಿಯ ಒಳಗೂ ಹೊರಗೂ ವಿದ್ಯುತ್ ಕ್ಷೇತ್ರವೊಂದು ಹರಡುತ್ತದೆ. ಕ್ಷೇತ್ರವೆಂದರೆ ಎಲೆಕ್ಟ್ರಾನನ್ನು ತಳ್ಳಲು ಸಮರ್ಥವಾದ ಪ್ರಭಾವ. ಈ ಪ್ರಭಾವ ಹಬ್ಬುವ ವೇಗವೇ ಸಂಕೇತದ ವೇಗ. ಕಂಬಗಳ ಮೇಲೆ ಬಯಲಿನಲ್ಲಿ ಹಾದುಹೋಗುವ ಬರಿಯ ತಂತಿಯಲ್ಲಿ ಅದು ಬೆಳಕಿನ ವೇಗಕ್ಕೆ, ಅಂದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿಗೆ, ಅತಿ ಸಮೀಪವಾಗಿರುತ್ತದೆ. ಪ್ಲಾಸ್ಟಿಕ್ಕಿನ ಹೊದಿಕೆಯುಳ್ಳ ಕೇಬಲ್ಲಿನಲ್ಲಿ ಅದರ ಮೂರನೆಯ ಎರಡು ಭಾಗದ ಆಸುಪಾಸು. ಶಿವನಸಮುದ್ರದ ಸುದ್ದಿ ಕೋಲಾರವನ್ನು ಸೇರಲು ಬೇಕಾಗುತ್ತಿದ್ದುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಒಂದು ಕಡೆ 64 ವರ್ಷ, ಇನ್ನೊಂದು ಕಡೆ ಅರ್ಧ ಮಿಲಿಸೆಕೆಂಡು! ಒಂದೇ ತಂತಿಯಲ್ಲಿ ಈ ಎರಡು ವೇಗಗಳೂ ಪರಸ್ಪರ ವಿರೋಧವಿಲ್ಲದೆ ಏಕಕಾಲದಲ್ಲಿ ಇರುತ್ತವೆ.

ಉಪಮಾನಕ್ಕೆ ಒಂದು ಎಲ್ಲೆಯಿದೆಯೆಂಬುದನ್ನೂ ಇಲ್ಲಿ ಹೇಳಲೇಬೇಕು. ಕೊಳವೆಯಲ್ಲಿ ಒತ್ತಡ ಮುಂದುವರಿಯುವುದು ನೀರಿನ ಕಣ ಪಕ್ಕದ ಕಣವನ್ನು ನೂಕುವುದರಿಂದ, ಅದೂ ಕೊಳವೆಯ ಒಳಗಡೆಯೇ. ತಂತಿಯ ವಿಷಯದಲ್ಲಿ ಹಾಗಲ್ಲ. ಇಂಗ್ಲೆಂಡಿನ ಪಾಯಿಂಟಿಂಗ್ ಎಂಬ ವಿಜ್ಞಾನಿ 1884ರಲ್ಲಿ ತೋರಿಸಿಕೊಟ್ಟಂತೆ, ಶಕ್ತಿ ಸಾಗುವುದು ತಂತಿಯ ಸುತ್ತಣ ಅವಕಾಶದಲ್ಲಿ ಹರಡಿರುವ ಕ್ಷೇತ್ರದ ಮೂಲಕ. ತಂತಿ ಅದಕ್ಕೆ ದಾರಿ ತೋರಿಸುತ್ತದೆ. ತಂತಿಯ ಹೊದಿಕೆ ಬದಲಾದರೆ ಸಂಕೇತದ ವೇಗ ಬದಲಾಗುವುದಕ್ಕೆ ಇದೇ ಕಾರಣ. ತಾಮ್ರದ ಒಳಗೇ ಶಕ್ತಿ ಓಡುತ್ತಿದ್ದರೆ ಹೊರಗಿನ ಪ್ಲಾಸ್ಟಿಕ್ಕಿಗೆ ಈ ಮಾತಿನಲ್ಲಿ ಏನು ಅಧಿಕಾರವಿರುತ್ತಿತ್ತು?

ಹೋಗದೆ ಬಾರದೆ ಕೆಲಸ

ಇಷ್ಟರ ಮೇಲೆ ನಿಜಸ್ಥಿತಿ ಇನ್ನೂ ವಿಚಿತ್ರವಾಗಿದೆ. ಕೋಲಾರಕ್ಕೆ ಹೋಗುತ್ತಿದ್ದುದು ಒಂದೇ ದಿಕ್ಕಿನ ಪ್ರವಾಹವಲ್ಲ. ಸೆಕೆಂಡಿಗೆ 25 ಆವರ್ತನಗಳ ಪರ್ಯಾಯ ವಿದ್ಯುತ್ತು. ಇಂದು ಮನೆಗಳಲ್ಲಿರುವುದು 50 ಆವರ್ತನಗಳದ್ದು. ಅರ್ಥಾತ್ ಎಲೆಕ್ಟ್ರಾನುಗಳು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಅತ್ತ ಸರಿದು, ಮುಂದಿನ ಅಷ್ಟೇ ಕಾಲ ಇತ್ತ ಮರಳುತ್ತವೆ. ಮೇಲೆ ಹೇಳಿದ ಇಸ್ತ್ರಿ ಪೆಟ್ಟಿಗೆಯ ತಂತಿಯಲ್ಲಿ ಈ ಹೋಗುಬರವಿನ ಉದ್ದ ಎಷ್ಟೆಂದು ಲೆಕ್ಕ ಹಾಕಿದರೆ ದೊರೆಯುವುದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ತಲೆಗೂದಲಿನ ದಪ್ಪ ಅದರ ಐವತ್ತು ಪಟ್ಟು ಆದೀತು.

ಹೀಗಿರಲು ಶಿವನಸಮುದ್ರದ ಯಾವ ಎಲೆಕ್ಟ್ರಾನೂ ಕೋಲಾರದ ಕಡೆಗೆ ಒಂದು ಗೇಣಾದರೂ ಪ್ರಯಾಣ ಮಾಡಲಿಲ್ಲ. ಅಷ್ಟೇ ಅಲ್ಲ, ದಾರಿಯಲ್ಲಿ ಟ್ರಾನ್ಸ್‌ಫಾರ್ಮರುಗಳಿದ್ದುವು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳಿಗೆ ತಂತಿಯ ಸಂಪರ್ಕವೇ ಇರುವುದಿಲ್ಲ. ಒಂದರ ಎಲೆಕ್ಟ್ರಾನು ಇನ್ನೊಂದಕ್ಕೆ ದಾಟುವ ಸಂಭವವೇ ಇಲ್ಲ. ಆದರೂ ಕೆಲಸ ನಡೆಯಿತು. ಮಜ್ಜಿಗೆ ಕಡೆಯುವಾಗ ಹಗ್ಗ ಅತ್ತಿಂದಿತ್ತ ಇತ್ತಿಂದತ್ತ ಆಡುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ಆದರೆ ಕೈಯ ಬಲ ಕಡೆಗೋಲಿಗೆ ಸೇರಿ ಬೆಣ್ಣೆ ಬರುತ್ತದೆ. ಇದೂ ಹಾಗೆಯೇ.

ತಂತಿಯ ರೋಧಕ್ಕೆ ಮೂಲ

ಇಲ್ಲಿಯವರೆಗೆ ಎಲೆಕ್ಟ್ರಾನು ಎಷ್ಟು ನಿಧಾನವೆಂದು ನೋಡಿದ್ದಾಯಿತು. ಅದು ಏಕೆ ಅಷ್ಟು ನಿಧಾನವೆಂಬುದು ಮುಂದಿನ ಪ್ರಶ್ನೆ. ವಾಹಕತೆಯ ರಹಸ್ಯವಿರುವುದು ಇಲ್ಲಿಯೇ.

ಇಸ್ತ್ರಿ ಪೆಟ್ಟಿಗೆಗೆ ಹೋಗುವ ಆ ತಂತಿಯೊಳಗಿನ ಕ್ಷೇತ್ರ ಬಹಳ ದುರ್ಬಲವಾದುದು. ಮೀಟರಿಗೆ ಒಂದು ವೋಲ್ಟಿನ ನೂರರಲ್ಲಿ ಮೂರು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಎಲೆಕ್ಟ್ರಾನು ಅತ್ಯಂತ ಹಗುರವಾದುದರಿಂದ ಆ ಅಲ್ಪ ನೂಕಿಗೂ ಅದರ ವೇಗ ಪ್ರತಿ ಸೆಕೆಂಡಿಗೆ ಸುಮಾರು 590 ಕೋಟಿ ಮೀಟರಿನ ದರದಲ್ಲಿ ಏರಬೇಕು. ತಡೆಯೇ ಇಲ್ಲದಿದ್ದರೆ ವೇಗ ಕ್ಷಣಕ್ಷಣಕ್ಕೂ ಏರಿ ಮಿತಿಯೇ ಇರುತ್ತಿರಲಿಲ್ಲ. ಆದರೆ ನಿಜವಾದ ಸರಿತ ಸೆಕೆಂಡಿಗೆ 0.15 ಮಿಲಿಮೀಟರು ಮಾತ್ರವೆಂದು ಮೇಲಿನ ಎಣಿಕೆಯಿಂದ ತಿಳಿದಿದೆ. ಅಂದಮೇಲೆ ಎಲೆಕ್ಟ್ರಾನು ವೇಗವನ್ನು ಗಳಿಸುತ್ತಿರುವಾಗಲೇ ಯಾವುದೋ ಒಂದು ಘಟನೆ ಅದನ್ನು ಮತ್ತೆಮತ್ತೆ ಕೆಡಿಸಿ ಮೊದಲಿನಿಂದ ಆರಂಭಿಸುವಂತೆ ಮಾಡುತ್ತಿರಬೇಕು. ಎರಡು ಘಟನೆಗಳ ನಡುವಿನ ಅವಧಿ ಎಷ್ಟು? 0.15 ಮಿಲಿಮೀಟರನ್ನು ಆ ವೇಗೋತ್ಕರ್ಷದಿಂದ ಭಾಗಿಸಿದರೆ 2.5×10⁻¹⁴ ಸೆಕೆಂಡು ಬರುತ್ತದೆ. ಒಂದೊಂದು ಎಲೆಕ್ಟ್ರಾನೂ ಸೆಕೆಂಡಿಗೆ ನಾಲ್ವತ್ತು ಲಕ್ಷ ಕೋಟಿ ಸಲ ದಾರಿಗೆಡುತ್ತದೆ ಎಂದಾಯಿತು.

ಎಲೆಕ್ಟ್ರಾನುಗಳು ಕ್ಷೇತ್ರವಿಲ್ಲದಿದ್ದಾಗಲೂ ಸುಮ್ಮನಿರುವುದಿಲ್ಲ. ತಾಮ್ರದಲ್ಲಿ ಪ್ರವಾಹವನ್ನು ಒಯ್ಯುವ ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 1,570 ಕಿಲೋಮೀಟರು ವೇಗದಲ್ಲಿ ದಿಕ್ಕುದಿಕ್ಕಿಗೆ ಧಾವಿಸುತ್ತಿರುತ್ತವೆ. ಪೂರ್ವಕ್ಕೆ ಹೋಗುವವು ಎಷ್ಟೋ ಪಶ್ಚಿಮಕ್ಕೆ ಹೋಗುವವೂ ಅಷ್ಟೇ ಆದುದರಿಂದ ಒಟ್ಟಿನ ಫಲ ಶೂನ್ಯ. ಮುಂಗಾರಿನ ಮೊದಲ ಮಳೆಯ ಸಂಜೆ ಜಗಲಿಯ ದೀಪದ ಸುತ್ತ ಮಳೆಹುಳುಗಳು ಮುತ್ತಿ ಹಾರಾಡುವುದನ್ನು ಎಲ್ಲರೂ ಕಂಡಿದ್ದಾರೆ. ಒಂದೊಂದು ಹುಳುವೂ ಭರದಿಂದ ಅಡ್ಡಾದಿಡ್ಡಿಯಾಗಿ ಹಾರುತ್ತದೆ. ಆದರೆ ಹುಳುಗಳ ಮುತ್ತು ಇದ್ದಲ್ಲಿಯೇ ಇರುತ್ತದೆ. ಆಗ ಕಡಲ ಕಡೆಯಿಂದ ತೆಳ್ಳನೆಯ ಗಾಳಿಯೊಂದು ಬೀಸಿದರೆ, ಯಾವ ಹುಳುವಿನ ಹಾರಾಟವೂ ಬದಲಾದಂತೆ ಕಾಣದಿದ್ದರೂ, ಮುತ್ತು ಮೆಲ್ಲಮೆಲ್ಲನೆ ಒಂದು ಕಡೆಗೆ ಜರುಗುತ್ತದೆ. ಆ ಜರುಗುವಿಕೆಯೇ ವಿದ್ಯುತ್ ಪ್ರವಾಹ.

ಪ್ರಸಿದ್ಧವಾದ ಓಮ್ ನಿಯಮದ ಮೂಲವೂ ಇಲ್ಲಿಯೇ ಗೋಚರಿಸುತ್ತದೆ. ವೋಲ್ಟನ್ನು ಇಮ್ಮಡಿಸಿದರೆ ಪ್ರವಾಹವೂ ಇಮ್ಮಡಿಸುತ್ತದೆಂಬುದು ಆ ನಿಯಮ. ಕ್ಷೇತ್ರ ಇಮ್ಮಡಿಯಾದರೆ ವೇಗೋತ್ಕರ್ಷ ಇಮ್ಮಡಿಯಾಗುವುದು ಸಹಜ. ಆದರೆ ದಾರಿಗೆಡುವ ಘಟನೆಗಳ ನಡುವಣ ಅವಧಿ ಬದಲಾಗದಿದ್ದರೆ ಮಾತ್ರ ಸರಿತವೂ ಇಮ್ಮಡಿಯಾದೀತು. ಆ ಅವಧಿಯನ್ನು ನಿರ್ಧರಿಸುವುದು ಎಲೆಕ್ಟ್ರಾನಿನ ಸಹಜವಾದ 1,570 ಕಿಲೋಮೀಟರು ವೇಗ. ಸರಿತ ಅದರ ಸಾವಿರ ಕೋಟಿಯಲ್ಲೊಂದು ಅಂಶದಷ್ಟೂ ಇಲ್ಲ. ಆನೆಯ ಬೆನ್ನಿನ ಮೇಲೆ ಇರುವೆ ಕುಳಿತರೂ ಇಳಿದರೂ ಆನೆಯ ನಡಿಗೆ ಕೆಡದಂತೆ, ಸರಿತ ಇಮ್ಮಡಿಯಾದರೂ ಆ ಅವಧಿ ಕೆಡುವುದಿಲ್ಲ. ಆದುದರಿಂದಲೇ ಲೋಹಗಳು ಓಮ್ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸುತ್ತವೆ.

ಹೀಗೆ ಲೋಹದ ವಾಹಕತೆ ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ. ಮುಕ್ತಕಣಗಳ ಸಂಖ್ಯೆ ಒಂದು, ಅವುಗಳಿಗೆ ಅಡ್ಡಿಯಿಲ್ಲದೆ ದೊರೆಯುವ ಅವಧಿ ಇನ್ನೊಂದು. ಅಲ್ಯೂಮಿನಿಯಮ್ಮನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದರ ಪ್ರತಿ ಪರಮಾಣುವೂ ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ ಅದರಲ್ಲಿ ಮುಕ್ತಕಣಗಳು ತಾಮ್ರದಲ್ಲಿರುವುದಕ್ಕಿಂತ ಇಮ್ಮಡಿಗೂ ಹೆಚ್ಚು. ಆದರೆ ಅವಧಿ ತಾಮ್ರದ ಅವಧಿಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗುಣಿಸಿದಾಗ ವಾಹಕತೆ ತಾಮ್ರದ ಐದರಲ್ಲಿ ಮೂರು ಪಾಲಿನಷ್ಟೇ ಆಗುತ್ತದೆ. ಬೀದಿಯ ಕಂಬಗಳ ಮೇಲೆ ಅದನ್ನು ಎಳೆಯುವುದು ಅದು ಹಗುರ, ಅಗ್ಗ ಎಂಬ ಕಾರಣಕ್ಕೆ.

ಅಡ್ಡಿಯೊಡ್ಡುವುದು ಯಾವುದು?

ಎಲೆಕ್ಟ್ರಾನುಗಳು ಪರಮಾಣುಗಳಿಗೆ ಡಿಕ್ಕಿ ಹೊಡೆದು ದಾರಿಗೆಡುತ್ತವೆ ಎಂದು ಡ್ರೂಡೆ ಭಾವಿಸಿದ್ದರು. ಇದು ಬುದ್ಧಿಗೆ ಒಪ್ಪುವ ಮಾತಾಗಿ ಕಂಡರೂ ಲೆಕ್ಕ ಹೊಂದುವುದಿಲ್ಲ. 1,570 ಕಿಲೋಮೀಟರು ವೇಗದಲ್ಲಿ 2.5×10⁻¹⁴ ಸೆಕೆಂಡು ಓಡಿದ ಎಲೆಕ್ಟ್ರಾನು ಸುಮಾರು 150 ಪರಮಾಣುಗಳ ಸಾಲನ್ನು ದಾಟಿಹೋಗಿರುತ್ತದೆ. ಅಡಿಕೆಮರಗಳ ಒತ್ತಾದ ತೋಟದಲ್ಲಿ ಕಣ್ಣುಮುಚ್ಚಿ ಓಡುವವನು ನೂರೈವತ್ತು ಮರಗಳನ್ನು ಮುಟ್ಟದೆ ಹೋಗಬಲ್ಲನೇ? ಎಲೆಕ್ಟ್ರಾನನ್ನು ಗೋಲಿಯಂತೆ ಭಾವಿಸಿದ್ದೇ ದೋಷ. ಅದಕ್ಕೆ ಅಲೆಯ ಸ್ವಭಾವವೂ ಇದೆ. ಅಚ್ಚುಕಟ್ಟಾದ ಜಾಲದ ನಡುವೆ ಅಲೆ ಚದರದೆ ಸಾಗಬಲ್ಲದೆಂದು ಫೆಲಿಕ್ಸ್ ಬ್ಲಾಕ್ ಎಂಬವರು 1928ರಲ್ಲಿ ತೋರಿಸಿದರು. ಅದಕ್ಕೆ ತುಸು ಮೊದಲು ಸೊಮರ್‌ಫೆಲ್ಡ್ ಅವರು ಹೊಸ ಕ್ವಾಂಟಂ ನಿಯಮಗಳನ್ನು ಅನ್ವಯಿಸಿ ಡ್ರೂಡೆಯ ಚಿತ್ರವನ್ನು ತಿದ್ದಿದ್ದರು. ಮೇಲೆ ಹೇಳಿದ 1,570 ಕಿಲೋಮೀಟರು ಆ ತಿದ್ದುಪಡಿಯ ಫಲ. ಹಳೆಯ ಲೆಕ್ಕದಲ್ಲಿ ಅದು ನೂರು ಚಿಲ್ಲರೆ ಕಿಲೋಮೀಟರೆಂದು ಬರುತ್ತಿತ್ತು.

ಅಂದಮೇಲೆ ಅಡ್ಡಿಯಾಗುವುದು ಪರಮಾಣುಗಳ ಇರವಲ್ಲ, ಅವುಗಳ ಸಾಲು ತಪ್ಪುವಿಕೆ. ಸಾಲು ತಪ್ಪಲು ಮುಖ್ಯ ಕಾರಣಗಳು ಎರಡು. ಮೊದಲನೆಯದು ಶಾಖ. ಬಿಸಿಯಾದಷ್ಟೂ ಪರಮಾಣುಗಳು ತಮ್ಮ ನೆಲೆಯಲ್ಲಿಯೇ ಹೆಚ್ಚಾಗಿ ಕಂಪಿಸುತ್ತವೆ. ತಾಮ್ರದ ರೋಧ ಒಂದೊಂದು ಡಿಗ್ರಿಗೆ ನೂರಕ್ಕೆ 0.4ರಷ್ಟು ಏರುವುದು ಇದರಿಂದಲೇ. ದ್ರವರೂಪದ ನೈಟ್ರೋಜನ್ನಿನಲ್ಲಿ ಅದ್ದಿ ಸೊನ್ನೆಗಿಂತ 196 ಡಿಗ್ರಿ ಕೆಳಕ್ಕೆ ತಣಿಸಿದರೆ ಶುದ್ಧ ತಾಮ್ರದ ರೋಧ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪರಮಾಣುಗಳ ಸಂಖ್ಯೆ ಬದಲಾಗಲಿಲ್ಲ, ಅವುಗಳ ಕಂಪನ ಮಾತ್ರ ಅಡಗಿತು. ಎರಡನೆಯ ಕಾರಣ ಬೆರಕೆ. ತಾಮ್ರಕ್ಕೆ ಸತುವನ್ನು ಬೆರೆಸಿ ಹಿತ್ತಾಳೆ ಮಾಡಿದರೆ ಎರಡೂ ವಾಹಕಗಳೇ ಆಗಿದ್ದರೂ ಮಿಶ್ರಣದ ರೋಧ ತಾಮ್ರದ ನಾಲ್ಕು ಪಟ್ಟಿನ ಆಸುಪಾಸಿಗೆ ಏರುತ್ತದೆ. ಅನ್ಯ ಪರಮಾಣುಗಳು ನಡುನಡುವೆ ಸೇರಿ ಸಾಲು ಕೆಟ್ಟಿತು. ಇಸ್ತ್ರಿ ಪೆಟ್ಟಿಗೆಯ ಒಳಗಿನ ಸುರುಳಿಯನ್ನು ನಿಕಲ್ ಮತ್ತು ಕ್ರೋಮಿಯಂಗಳ ಬೆರಕೆಯಾದ ನೈಕ್ರೋಮಿನಿಂದ ಮಾಡುವುದು ಈ ಗುಣಕ್ಕಾಗಿಯೇ. ಅದರ ರೋಧ ಅದೇ ಅಳತೆಯ ತಾಮ್ರದ ಅರುವತ್ತು ಪಟ್ಟಿಗೂ ಹೆಚ್ಚು. ಕ್ಷೇತ್ರದಿಂದ ಎಲೆಕ್ಟ್ರಾನು ಗಳಿಸಿದ ಶಕ್ತಿ ಪ್ರತಿಸಲ ದಾರಿಗೆಡುವಾಗಲೂ ಜಾಲಕ್ಕೆ ಹಸ್ತಾಂತರವಾಗಿ ಶಾಖವಾಗುತ್ತದೆ. ಗೋಡೆಯೊಳಗಿನ ತಾಮ್ರದಲ್ಲಿಯೂ ಸುರುಳಿಯಲ್ಲಿಯೂ ಹರಿಯುವುದು ಅದೇ 3 ಆಂಪಿಯರ್. ಆದರೂ ಒಂದು ಬೆಚ್ಚಗೂ ಆಗದೆ, ಇನ್ನೊಂದು ಬಟ್ಟೆಯನ್ನು ಸುಡುವಷ್ಟು ಕಾಯುವುದರ ಮರ್ಮವಿದು.

ಮನೆಯ ಪ್ಲಗ್ಗುಗಳಲ್ಲಿ ಕಾಣುವ ಒಂದು ದೋಷವನ್ನೂ ಇದರಿಂದ ತಿಳಿಯಬಹುದು. ತಂತಿಯ ಕೂಡುಗೆ ಸಡಿಲವಾದರೆ, ಅಥವಾ ಕಡಲ ತೀರದ ಉಪ್ಪು ಗಾಳಿಗೆ ಅಲ್ಲಿ ಕಿಲುಬು ಕಟ್ಟಿದರೆ, ಎರಡು ಲೋಹಗಳು ನಿಜವಾಗಿ ಮುಟ್ಟುವುದು ಕೆಲವೇ ಚುಕ್ಕೆಗಳಲ್ಲಿ. ಇಡೀ ಪ್ರವಾಹ ಆ ಚುಕ್ಕೆಗಳ ಮೂಲಕವೇ ನುಸುಳಬೇಕಾಗುವುದರಿಂದ ಅಲ್ಲಿ ಸರಿತದ ವೇಗ ಹಲವು ಪಟ್ಟು ಏರಿ ಶಾಖ ಒಂದೇ ಕಡೆ ಹುಟ್ಟುತ್ತದೆ. ತಂತಿ ತಣ್ಣಗಿದ್ದು ಪ್ಲಗ್ಗು ಮಾತ್ರ ಬಿಸಿಯಾಗುವುದು, ಅದರ ಬಣ್ಣ ಕಂದುವುದು, ಸುಟ್ಟ ವಾಸನೆ ಬರುವುದು ಇದರ ಗುರುತುಗಳು. ಹಾಗಾದಾಗ ದೋಷವನ್ನು ತಂತಿಯಲ್ಲಿ ಹುಡುಕದೆ ಕೂಡುಗೆಯಲ್ಲಿ ಹುಡುಕಬೇಕು. ಅದೂ ಮೈನ್ ಸ್ವಿಚ್ಚನ್ನು ಆರಿಸಿದ ಮೇಲೆ, ಬಲ್ಲವರ ಕೈಯಿಂದ.

ಚಿತ್ರದ ಎಲ್ಲೆ

ಮುಕ್ತ ಎಲೆಕ್ಟ್ರಾನುಗಳ ಈ ಚಿತ್ರ ಎಲ್ಲವನ್ನೂ ವಿವರಿಸುವುದಿಲ್ಲವೆಂಬುದನ್ನು ಮರೆಯಲಾಗದು. ಪ್ರವಾಹವಿರುವ ಲೋಹದ ಪಟ್ಟಿಯನ್ನು ಅಯಸ್ಕಾಂತದ ನಡುವೆ ಇರಿಸಿದರೆ ಪಟ್ಟಿಯ ಅಡ್ಡಕ್ಕೆ ಅಲ್ಪ ವೋಲ್ಟೇಜು ಹುಟ್ಟುತ್ತದೆ. ಇದನ್ನು 1879ರಲ್ಲಿ ಕಂಡವರು ಎಡ್ವಿನ್ ಹಾಲ್. ಅದರ ದಿಕ್ಕಿನಿಂದ ಹರಿಯುವ ಕಣಗಳು ಋಣವೋ ಧನವೋ ಎಂದು ತಿಳಿಯುತ್ತದೆ. ತಾಮ್ರದಲ್ಲಿ ನಿರೀಕ್ಷೆಯಂತೆ ಋಣವೆಂದೇ ಬರುತ್ತದೆ. ಆದರೆ ಸತುವಿನಲ್ಲಿ ಧನಕಣಗಳು ಹರಿಯುತ್ತಿರುವಂತೆ ಉತ್ತರ ಬರುತ್ತದೆ! ಅಲ್ಲಿಯೂ ಚಲಿಸುವುದು ಎಲೆಕ್ಟ್ರಾನುಗಳೇ. ಆದರೆ ಅವು ಪೂರ್ಣ ಮುಕ್ತವಲ್ಲ. ಜಾಲದ ಪ್ರಭಾವಕ್ಕೆ ಒಳಗಾಗಿ ವಿಪರೀತವಾಗಿ ವರ್ತಿಸುತ್ತವೆ. ಅದನ್ನು ವಿವರಿಸಲು ಬ್ಲಾಕ್ ಅವರ ದಾರಿಯಲ್ಲಿ ಬೆಳೆದ ಶಕ್ತಿಪಟ್ಟಿಗಳ ಸಿದ್ಧಾಂತವೇ ಬೇಕು. ತಾಮ್ರ, ಬೆಳ್ಳಿ, ಸೋಡಿಯಂಗಳಂಥ ಲೋಹಗಳಿಗೆ ಮುಕ್ತಕಣಗಳ ಚಿತ್ರ ಬಹುಮಟ್ಟಿಗೆ ಸಾಕು.

ಈಗ ಮೊದಲಿನ ವಾಕ್ಯಕ್ಕೆ ಮರಳಬಹುದು. ‘ಕರೆಂಟು ಬಂತು’ ಎಂದಾಗ ಬಂದದ್ದು ಕ್ಷೇತ್ರ, ಮತ್ತು ಅದರೊಡನೆ ಶಕ್ತಿ. ಅದು ಬಂದದ್ದು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ, ಬಹುಪಾಲು ತಂತಿಯ ಹೊರಗಿನಿಂದ. ಎಲೆಕ್ಟ್ರಾನುಗಳು ಎಲ್ಲಿಂದಲೂ ಬರಲಿಲ್ಲ. ಅವು ಮನೆಯ ತಂತಿಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಸುರುಳಿಯಲ್ಲಿ ಮೊದಲಿನಿಂದಲೂ ಇದ್ದುವು. ಕರೆಂಟು ಹೋದಾಗಲೂ ಅವು ಎಲ್ಲಿಗೂ ಹೋಗುವುದಿಲ್ಲ. ಕತ್ತಲಲ್ಲಿಯೂ ಸೆಕೆಂಡಿಗೆ 1,570 ಕಿಲೋಮೀಟರು ವೇಗದಿಂದ ಅತ್ತಿತ್ತ ಧಾವಿಸುತ್ತಲೇ ಇರುತ್ತವೆ. ಮುಂದಿನ ನೂಕು ಬಂದಾಗ ಅವು ಕೂದಲಿನ ದಪ್ಪದ ಐವತ್ತನೆಯ ಒಂದು ಭಾಗದಷ್ಟು ಜರುಗಿದರೆ ಸಾಕು, ಇಸ್ತ್ರಿ ಪೆಟ್ಟಿಗೆ ಮತ್ತೆ ಕಾಯುತ್ತದೆ.